ಲಕ್ಷದ ಲೆಕ್ಕದಲ್ಲಿ ನಲವತ್ತೇಳು ಸಾವಿರ

ನಮ್ಮ ದೊಡ್ಡಮ್ಮ ಹಾಲಿನ ರಿಜಿಸ್ಟರಿನಲ್ಲಿ ಒಂಟಿ ಸೊನ್ನೆ ಬರೆಯುತ್ತಿರಲಿಲ್ಲ. ಹತ್ತರಲ್ಲಿ, ಇಪ್ಪತ್ತರಲ್ಲಿ ಬರುವ ಸೊನ್ನೆಗೆ ಅವಳ ತಕರಾರು ಇರಲಿಲ್ಲ, ಅದು ಪಕ್ಕದ ಅಂಕಿಯ ಕೈ ಹಿಡಿದುಕೊಂಡು ಬರುತ್ತದೆ. ಆದರೆ ಯಾರಾದರೂ ಹೆಂಗಸು ಒಂದು ದಿನ ಹಾಲು ತರದೆ ಹೋದರೆ, ಹಸು ಬತ್ತಿದ್ದರೆ, ಕರುವಿಗೆ ಕಾಯಿಲೆಯಾಗಿ ಹಾಲೆಲ್ಲ ಅದಕ್ಕೇ ಬಿಟ್ಟಿದ್ದರೆ, ಆ ಹೆಸರಿನ ಮುಂದೆ ದೊಡ್ಡಮ್ಮ ‘ನಾಳೆ’ ಎಂದು ಬರೆಯುತ್ತಿದ್ದಳು. ಬಳೆ ಒಡೆದರೆ ಹೆಚ್ಚಿತು ಅನ್ನುವ ಜನ ನಾವು, ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುವವರು. ಹಾಲಿನ ಮನೆಯಲ್ಲಿ ಸೊನ್ನೆ ಬರೆಯುವುದು ಅವಳಿಗೆ ಅಪಶಕುನವಾಗಿ ಕಂಡಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬೆಳಿಗ್ಗೆ ಅಳೆಯುವಾಗಲೂ ಮೊದಲ ಲೀಟರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಿದ್ದಳು, ರಾಶಿಯ ಕಣದಲ್ಲಿ ರಾಗಿ ಅಳೆಯುವವರ ಹಾಗೆ. ಲಾಭ, ಎರಡು, ಮೂರು ಎಂದು ಶುರುವಾದರೆ ಮೂವತ್ತೆಂಟು ಮನೆಯ ಹಾಲು ಕ್ಯಾನಿಗೆ ಬೀಳುವವರೆಗೆ ಆ ದನಿ ನಿಲ್ಲುತ್ತಿರಲಿಲ್ಲ.

ನಾನು ನಾಲ್ಕು ವರ್ಷದವಳಿದ್ದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಮದುವೆಯಾಗುವ ತನಕ ನನ್ನನ್ನು ಸಾಕಿದವಳು ಈ ದೊಡ್ಡಮ್ಮ. ಅವಳ ಊರು ಮಾದಿಹಳ್ಳಿಯಿಂದ ಎರಡು ಮೈಲಿ ಒಳಗೆ. ಬಸ್ಸು ಮಾದಿಹಳ್ಳಿಗೇ ನಿಲ್ಲುತ್ತದೆ, ಅಲ್ಲಿಂದ ತೆಂಗಿನ ತೋಟದ ಬದುಗುಂಟ ನಡೆಯಬೇಕು. ಏಳನೇ ಕ್ಲಾಸಿನವರೆಗೆ ಓದಿದ್ದ ಹೆಂಗಸು, ಊರಿನ ಹೆಂಗಸರನ್ನು ಕಟ್ಟಿಕೊಂಡು ಹಾಲಿನ ಸಂಘ ಮಾಡಿ ಇಪ್ಪತ್ತೆರಡು ವರ್ಷ ಅದರ ಕಾರ್ಯದರ್ಶಿಯಾಗಿದ್ದಳು. ಕಾರ್ಯದರ್ಶಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬೆಳಗಾಗೆದ್ದು ಸಂಘದ ಕೋಣೆಯ ಬೀಗ ತೆಗೆಯುವುದು, ಕಸ ಗುಡಿಸುವುದು, ಹಾಲಿಗೆ ನೀರು ಬೆರೆತಿದೆಯಾ ಎಂದು ಗಾಜಿನ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುವುದು, ಅಳೆಯುವುದು, ಬರೆಯುವುದು, ಏಳು ಗಂಟೆಗೆ ಬರುವ ವ್ಯಾನಿಗೆ ಕ್ಯಾನು ಎತ್ತಿ ಕೊಡುವುದು. ಇಷ್ಟೂ ಅವಳೇ.

ಅವಳ ಊರಿನ ಹಾಗೆಯೇ ಇನ್ನೂ ಹದಿಮೂರು ಹಳ್ಳಿಗಳಲ್ಲಿ ಇಂಥ ಸಂಘಗಳಿದ್ದವು. ಹದಿನಾಲ್ಕೂ ಸೇರಿ ಮಾಡಿಕೊಂಡಿದ್ದ ಒಂದು ಕೂಟದ ಕಚೇರಿ ಅರಸೀಕೆರೆಯಲ್ಲಿ, ಕೊಬ್ಬರಿ ಮಂಡಿಯೊಂದರ ಮಹಡಿಯ ಮೇಲೆ. ನಾನು ಅಲ್ಲಿ ಕಂಪ್ಯೂಟರ್ ಆಪರೇಟರ್. ಕೆಲಸ ಗುತ್ತಿಗೆಯದು, ವರ್ಷ ವರ್ಷ ನವೀಕರಿಸುತ್ತಿದ್ದರು. ಕೆಳಗಿನಿಂದ ಕೊಬ್ಬರಿ ವಾಸನೆ ಮೇಲೆ ಬಂದು ನನ್ನ ಸೀರೆಗೆ, ಕೂದಲಿಗೆ, ಡಬ್ಬಿಯ ಊಟಕ್ಕೆ ಹತ್ತಿಕೊಳ್ಳುತ್ತಿತ್ತು. ಹಾಲಿನ ಕಚೇರಿಯಲ್ಲಿ ಕೆಲಸ ಅಂತೀಯಾ, ಗಾಣದಿಂದ ಬಂದವಳ ಹಾಗೆ ನಾರ್ತೀಯಾ ಎಂದು ದೊಡ್ಡಮ್ಮ ನಗುತ್ತಿದ್ದಳು.

ಆ ವರ್ಷದ ಸಭೆಗೆ ಮುಂಚೆ ನಮ್ಮ ಮ್ಯಾನೇಜರಿಗೆ ಪ್ರೊಜೆಕ್ಟರ್ ಮೋಹ ಹತ್ತಿತು. ಅಲ್ಲಿಯವರೆಗೆ ವರ್ಷದ ಹಾಲಿನ ಪಟ್ಟಿಯನ್ನು ಪ್ರಿಂಟ್ ಹಾಕಿಸಿ ಹಂಚುತ್ತಿದ್ದೆವು. ಊರಿನ ಹೆಸರು, ಅದರ ಮುಂದೆ ಲೀಟರು, ಅಷ್ಟೇ. ಈ ಸಲ ಪರದೆಯ ಮೇಲೆ ಚಾರ್ಟ್ ಬರಬೇಕು ಎಂದರು. ನಾನು ಸ್ಪ್ರೆಡ್‌ಶೀಟಿನಲ್ಲಿ ಹದಿನಾಲ್ಕು ಕಂಬದ ಚಾರ್ಟ್ ಮಾಡಿದೆ. ಕೆಳಗೆ ಊರಿನ ಹೆಸರುಗಳು, ಎಡಗಡೆ ಅಕ್ಷದ ಮೇಲೆ ಲೀಟರಿನ ಅಂಕಿಗಳು, ಪ್ರತಿ ಕಂಬದ ತಲೆಯ ಮೇಲೂ ಅದರದರ ಅಂಕಿ.

ಮೊದಲು ಬಂದದ್ದು ಚೆನ್ನಾಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಕಂಪ್ಯೂಟರಿನಲ್ಲಿ ಪ್ರದೇಶ ಅಮೆರಿಕ ಅಂತ ಇದ್ದುದರಿಂದ ಅಲ್ಪವಿರಾಮಗಳು ಮೂರು ಮೂರು ಅಂಕಿಗೆ ಬಿದ್ದಿದ್ದವು. ಅದನ್ನು ಭಾರತ ಅಂತ ಮಾಡಿದ ಮೇಲೆ 6,00,000 ಎಂದು ನಮ್ಮ ರೀತಿಗೆ ಬಂತು. ಆದರೂ ಎಡಗಡೆ ಆರು ಲಕ್ಷ, ಐದು ಲಕ್ಷ, ನಾಲ್ಕು ಲಕ್ಷ ಎಂದು ಸೊನ್ನೆಗಳ ಸಾಲು ಇಳಿದು ಚಾರ್ಟಿನ ಅರ್ಧ ಜಾಗ ತಿನ್ನುತ್ತಿತ್ತು. ಹದಿನಾಲ್ಕು ಕಂಬಗಳು ಸಂತೆಗೆ ಹೊರಟ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತರಿಸಿಕೊಂಡಿದ್ದವು, ಅವುಗಳ ತಲೆಯ ಮೇಲಿನ ಉದ್ದುದ್ದ ಅಂಕಿಗಳು ಒಂದರ ಮೇಲೊಂದು ಬಿದ್ದು ಯಾವುದೂ ಓದಲು ಬರುತ್ತಿರಲಿಲ್ಲ.

ಮ್ಯಾನೇಜರ್ ನನ್ನ ಕುರ್ಚಿಯ ಹಿಂದೆ ನಿಂತು ನೋಡಿದರು. “ಏನಮ್ಮ ಇದು? ಜನ ಸೊನ್ನೆ ಎಣಿಸೋಕೆ ಬರ್ತಾರಾ ಸಭೆಗೆ? ಲಕ್ಷದಲ್ಲಿ ತೋರಿಸು. ಒಂದು, ಎರಡು, ಮೂರು. ಅಧ್ಯಕ್ಷರು ಕಣ್ಣು ಹಾಯಿಸಿದ್ರೆ ಸಾಕು, ತಿಳೀಬೇಕು.”

“ಆಯ್ತು ಸಾರ್” ಎಂದೆ. ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಉದ್ದದ ಅಂಕಿ ದೂರದಿಂದ ಕಾಣುವುದಿಲ್ಲ, ಚಾರ್ಟ್ ಇರುವುದೇ ಬೇಗ ಕಾಣಲಿ ಅಂತ. ಇದನ್ನು ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಆಮೇಲೆ ಎಷ್ಟೋ ದಿನ ನಾನು ಮನಸ್ಸಿನಲ್ಲೇ ಆ ಮನುಷ್ಯನನ್ನು ಬೈದುಕೊಂಡು ಓಡಾಡಿದೆ. ಬೈಸಿಕೊಳ್ಳಬೇಕಾದವಳು ನಾನು.

ಅಕ್ಷದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಫಾರ್ಮ್ಯಾಟ್ ಆಕ್ಸಿಸ್‌ಗೆ ಹೋದರೆ ‘ಡಿಸ್‌ಪ್ಲೇ ಯೂನಿಟ್ಸ್’ ಎಂಬ ಒಂದು ಪಟ್ಟಿ ಸಿಗುತ್ತದೆ. ಅಂಕಿಗಳನ್ನು ಯಾವ ಅಳತೆಯಲ್ಲಿ ತೋರಿಸಲಿ ಎಂದು ಕೇಳುವ ಜಾಗ ಅದು. ನೂರಕ್ಕೆ ಹೆಸರಿದೆ, ಸಾವಿರಕ್ಕೆ ಹೆಸರಿದೆ, ಮಿಲಿಯನ್ನಿಗೂ ಇದೆ. ನಮ್ಮ ಲಕ್ಷಕ್ಕೆ ಮಾತ್ರ ಅಲ್ಲಿ ಹೆಸರಿಲ್ಲ, 100000 ಎಂದು ಬರೀ ಅಂಕಿ ಕೂತಿರುತ್ತದೆ. ಇರಲಿ, ಪರದೇಶದವರ ಮನೆಯಲ್ಲಿ ನಮಗೆ ಮಣೆ ಹಾಕದಿದ್ದರೂ ಮೂಲೆಯಲ್ಲಾದರೂ ಜಾಗ ಕೊಟ್ಟಿದ್ದಾರಲ್ಲ ಎಂದುಕೊಂಡು ಅದನ್ನೇ ಆರಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆಯ ಸಾಲೆಲ್ಲ ಹೋಗಿ ಅಕ್ಷದ ಮೇಲೆ 0, 1, 2, 3, 4, 5, 6 ಎಂದು ಅಚ್ಚುಕಟ್ಟಾಗಿ ನಿಂತವು. ಪಕ್ಕದಲ್ಲಿ ತಾನಾಗಿ ‘x 100000’ ಎಂಬ ಚೀಟಿ ಬಂತು. ಅದನ್ನು ಅಳಿಸಿ ‘ಲಕ್ಷ ಲೀಟರ್’ ಎಂದು ಕನ್ನಡದಲ್ಲಿ ಬರೆದೆ. ಚಾರ್ಟ್ ಅಗಲವಾಯಿತು, ಕಂಬಗಳು ಉಸಿರಾಡಿದವು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇದರಲ್ಲಿ ಹಾಲಿನ ಲೆಕ್ಕ ಬದಲಾಗುವುದಿಲ್ಲ. ಸ್ಪ್ರೆಡ್‌ಶೀಟಿನ ಮನೆಗಳಲ್ಲಿ ಬರೆದ ಸಂಖ್ಯೆ ಹಾಗೇ ಇರುತ್ತದೆ, ತೋರಿಸುವ ರೀತಿ ಮಾತ್ರ ಬೇರೆ. ಆದರೆ ಅಕ್ಷಕ್ಕೆ ಕೊಟ್ಟ ಅಳತೆ ಕಂಬಗಳ ತಲೆಯ ಮೇಲಿನ ಅಂಕಿಗಳಿಗೂ ಹತ್ತಿಕೊಳ್ಳುತ್ತದೆ. ನನ್ನ ಮೂಲ ಪಟ್ಟಿಯಲ್ಲಿ ಲೀಟರಿಗೆ ದಶಾಂಶ ಬೇಡ ಎಂದು ಪೂರ್ಣ ಅಂಕಿಯ ರೂಪ ಕೊಟ್ಟಿದ್ದೆ. ಆ ರೂಪವನ್ನೇ ಚಾರ್ಟ್ ಹಿಡಿದುಕೊಂಡು, ಲಕ್ಷದಿಂದ ಭಾಗಿಸಿ ಬಂದದ್ದನ್ನೆಲ್ಲ ಹತ್ತಿರದ ಪೂರ್ಣ ಸಂಖ್ಯೆಗೆ ತಳ್ಳಿಬಿಟ್ಟಿತು. ಐದು ಲಕ್ಷದ ಅರವತ್ತು ಸಾವಿರದ ಊರಿಗೆ 6. ಒಂದು ಲಕ್ಷದ ನಲವತ್ತಾರು ಸಾವಿರಕ್ಕೆ 1. ಐವತ್ತೆರಡು ಸಾವಿರಕ್ಕೂ 1. ಅಂಚಿನಲ್ಲಿ ನಲವತ್ತೇಳು ಸಾವಿರದ ಮುನ್ನೂರು ಲೀಟರಿನ ಒಂದು ಗಿಡ್ಡ ಕಂಬವಿತ್ತು, ಅದರ ತಲೆಯ ಮೇಲೆ 0.

ಅದು ದೊಡ್ಡಮ್ಮನ ಊರು.

ನಾನು ಅದನ್ನು ನೋಡಲಿಲ್ಲ. ನೋಡಿದ್ದು ಅಕ್ಷವನ್ನು, ಮತ್ತೆ ಎತ್ತರದ ಕಂಬಗಳನ್ನು. ದೊಡ್ಡವರ ಮನೆಯ ಮದುವೆಯಲ್ಲಿ ಬಾಗಿಲಲ್ಲಿ ನಿಂತವರು ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ, ಹಾಗೆ. ಮ್ಯಾನೇಜರ್ ಬಂದು “ಹಾಂ, ಈಗ ನೋಡು” ಎಂದರು. ಮನೆಗೆ ಹೋಗುವ ಅವಸರದಲ್ಲಿ ಕಂಪ್ಯೂಟರ್ ಆರಿಸಿದೆ.

ಸಭೆ ಹಳೇಬೀಡಿನ ಒಂದು ಸಮುದಾಯ ಭವನದಲ್ಲಿ, ಎಲ್ಲ ಊರಿನವರಿಗೂ ನಡುವೆ ಆಗುತ್ತದೆ ಅಂತ. ಹದಿನಾಲ್ಕು ಸಂಘದವರೂ ಬಂದಿದ್ದರು. ದೊಡ್ಡಮ್ಮ ಮದುವೆ ಮುಂಜಿಗೆ ಉಡುವ ಹಸಿರು ಸೀರೆ ಉಟ್ಟು, ಬಗಲಲ್ಲಿ ರಿಜಿಸ್ಟರ್ ಇಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತಿದ್ದಳು. ಯಾರೂ ರಿಜಿಸ್ಟರ್ ತರಲು ಹೇಳಿರಲಿಲ್ಲ. ಕೇಳಿದರೆ ಇರಲಿ ಅಂತ ತಂದಿದ್ದಳು. ಒಳಗೆ ಬರುವಾಗ ನನ್ನ ಹತ್ತಿರ ಬಂದು ಕಿವಿಯಲ್ಲಿ, “ಗಾಡಿ ವಿಚಾರ ಬತ್ತದಂತೆ ಕಣೇ ಇವತ್ತು. ನಮ್ಮೂರಿಗೆ ಬರೋದ ಬಿಡಿಸ್ಬೇಕು ಅಂತ ಯಾರೋ ಅಂತವ್ರಂತೆ” ಎಂದಳು.

ನನಗೂ ಗೊತ್ತಿತ್ತು. ವ್ಯಾನು ಮಾದಿಹಳ್ಳಿಯ ರಸ್ತೆಯಿಂದ ಎರಡು ಮೈಲಿ ಒಳಗೆ ಹೋಗಿ ತಿರುಗಿ ಬರಬೇಕಿದ್ದ ಊರು ಅದೊಂದೇ. ಮಳೆಗಾಲದಲ್ಲಿ ಆ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತಿತ್ತು. ವ್ಯಾನು ನಿಂತರೆ ಆ ಹೆಂಗಸರು ಬೆಳಿಗ್ಗೆ ಏಳರೊಳಗೆ ಹಾಲು ಹೊತ್ತು ಮಾದಿಹಳ್ಳಿಗೆ ನಡೆಯಬೇಕು. ಮನೆ, ಮಕ್ಕಳು, ಕೊಟ್ಟಿಗೆ ಬಿಟ್ಟು ದಿನವೂ ಅಷ್ಟು ದೂರ ಯಾರು ನಡೆದಾರು? ಗಾಡಿ ನಿಂತರೆ ಸಂಘ ನಿಂತ ಹಾಗೆಯೇ. ದೊಡ್ಡಮ್ಮನ ಇಪ್ಪತ್ತೆರಡು ವರ್ಷ ಆ ವ್ಯಾನಿನ ಚಕ್ರದ ಮೇಲೆ ನಿಂತಿತ್ತು.

“ಏನೂ ಆಗಲ್ಲ ಸುಮ್ನಿರು ದೊಡ್ಡಮ್ಮ. ನಿಮ್ಮೂರ ಹಾಲು ಚೆನ್ನಾಗಿದೆ ಅಂತ ಎಲ್ಲರಿಗೂ ಗೊತ್ತು” ಎಂದೆ.

“ಹಾಲು ಚೆನ್ನಾಗೈತೆ. ಹೋದ ವರ್ಷಕ್ಕಿಂತ ಎರಡು ಸಾವ್ರ ಲೀಟ್ರು ಜಾಸ್ತೀನೇ ಹಾಕಿದ್ದೀವಿ” ಎಂದು ರಿಜಿಸ್ಟರ್ ತಟ್ಟಿ ಹೋಗಿ ಕೂತಳು. ಆ ಎರಡು ಸಾವಿರವನ್ನು ಅವಳು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ.

ಬೇರೆ ಸ್ಲೈಡು ಗೀಡು ಮಾಡಲು ಪುರುಸೊತ್ತಾಗಿರಲಿಲ್ಲ. ಸ್ಪ್ರೆಡ್‌ಶೀಟನ್ನೇ ತೆರೆದು ಪರದೆಗೆ ಬಿಟ್ಟು, ಲ್ಯಾಪ್‌ಟಾಪಿನ ಮುಂದೆ ನಾನು ಕೂತೆ. ಅಷ್ಟಗಲದ ಚಾರ್ಟ್ ಗೋಡೆಯ ಮೇಲೆ ಬಿದ್ದಾಗ ಜನ ಓಹೋ ಎಂದರು. ಮ್ಯಾನೇಜರ್ ಕೋಲು ಹಿಡಿದು ದೊಡ್ಡ ಕಂಬಗಳನ್ನು ತೋರಿಸಿ ಮಾತಾಡಿದರು. ಆಗ ಮೊದಲ ಸಲ ನನ್ನ ಕಣ್ಣು ಬಲಗಡೆಯ ಕೊನೆಯ ಕಂಬಕ್ಕೆ ಹೋಯಿತು. ಅದರ ತಲೆಯ ಮೇಲೆ ಸೊನ್ನೆ, ಒಂದು ಮೊಳದಷ್ಟು ದೊಡ್ಡದು.

ಮೊದಲು ನನಗೇ ಅರ್ಥವಾಗಲಿಲ್ಲ. ಪಟ್ಟಿಯಲ್ಲಿ ಅಂಕಿ ಬಿಟ್ಟುಹೋಯಿತೇ ಎಂದುಕೊಂಡೆ. ಅಂಕಿ ಬಿಟ್ಟಿದ್ದರೆ ಕಂಬವೇ ಇರುತ್ತಿರಲಿಲ್ಲ. ಕಂಬ ಇದೆ, ಗಿಡ್ಡದಾದರೂ ಇದೆ, ತಲೆಯ ಮೇಲೆ ಮಾತ್ರ ಸೊನ್ನೆ. ಆಮೇಲೆ ಹೊಳೆಯಿತು. ಪಕ್ಕದ ಐವತ್ತೆರಡು ಸಾವಿರದ ಊರಿಗೆ 1 ಇತ್ತು. ಆ ಊರಿಗೂ ನಮ್ಮೂರಿಗೂ ಇದ್ದ ವ್ಯತ್ಯಾಸ ಐದು ಸಾವಿರ ಲೀಟರಿಗಿಂತ ಕಡಿಮೆ. ಗೋಡೆಯ ಮೇಲೆ ನೋಡಿದರೆ ಒಂದು ಇದ್ದ ಊರು, ಒಂದು ಇಲ್ಲದ ಊರು.

ಗಾಡಿಯ ವಿಚಾರ ಬಂದಾಗ ಅಧ್ಯಕ್ಷರು, ಅರಸೀಕೆರೆ ಕಡೆಯ ತೆಂಗಿನ ತೋಟದವರು, ಕನ್ನಡಕ ಸರಿಮಾಡಿಕೊಂಡು ಗೋಡೆ ನೋಡಿದರು. ಕೆಟ್ಟವರಲ್ಲ. ಕಣ್ಣಿಗೆ ಕಂಡದ್ದನ್ನು ಓದಿದರು.

“ಕೊನೇದು ಸೊನ್ನೆ ತೋರಿಸ್ತಾ ಇದೆಯಲ್ಲ?”

ಹಿಂದಿನಿಂದ ಯಾರೋ, “ಸೊನ್ನೆ ಹಾಲು ತರಕ್ಕೆ ಎರಡು ಮೈಲಿ ಗಾಡಿ ಯಾಕ್ ಹೋಗ್ಬೇಕು ಸ್ವಾಮಿ?” ಎಂದರು. ಜನ ನಕ್ಕರು. ಅದರಲ್ಲಿ ವಿಷವಿರಲಿಲ್ಲ, ಸಭೆಯಲ್ಲಿ ಬೇಸರ ಬಂದವರು ಏನು ಸಿಕ್ಕಿದರೂ ನಗುವ ನಗು ಅದು. ಆದರೂ ನಕ್ಕರು.

ನನ್ನ ಕೈ ಮೌಸಿನ ಮೇಲೇ ಇತ್ತು. ಅಕ್ಷದ ಮೇಲೆ ಒತ್ತಿ, ಆ ಪಟ್ಟಿಗೆ ಹೋಗಿ, 100000 ಎಂದಿದ್ದನ್ನು ಸಾವಿರ ಎಂದು ಬದಲಾಯಿಸಿದ್ದರೆ ಸಾಕಿತ್ತು. ಅರ್ಧ ನಿಮಿಷದ ಕೆಲಸ. ಎಡಗಡೆ ನೂರು, ಇನ್ನೂರು, ಆರುನೂರು ಎಂದು ಬರುತ್ತಿತ್ತು, ಕೊನೆಯ ಕಂಬದ ಮೇಲೆ 47 ಎಂದು ಬೀಳುತ್ತಿತ್ತು. ಅದೂ ಬೇಡ, ಎದ್ದು ನಿಂತು “ಅದು ಸೊನ್ನೆ ಅಲ್ಲ, ನಲವತ್ತೇಳು ಸಾವಿರ, ನನ್ನಿಂದ ತಪ್ಪಾಗಿದೆ” ಎಂದಿದ್ದರೆ ಆಗುತ್ತಿತ್ತು. ನಾಲಿಗೆ ಏಳಲಿಲ್ಲ.

ಯಾಕೆ ಏಳಲಿಲ್ಲ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಮುಂದಿನ ತಿಂಗಳು ಗುತ್ತಿಗೆ ನವೀಕರಣವಿತ್ತು, ಅದು ಒಂದು. ಎಲ್ಲರ ಮುಂದೆ ಮ್ಯಾನೇಜರಿನ ಮುಖ ಕೆಡುತ್ತದೆ, ಅದೊಂದು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಆ ಹೆಂಗಸು ಸಾಕಿದ ಮಗಳು ಎಂದು ಸಭೆಗೆಲ್ಲ ಗೊತ್ತಿತ್ತು. ಸಾಕಿದವಳ ಊರಿಗೋಸ್ಕರ ಅಂಕಿ ತಿದ್ದುತ್ತಾಳೆ ಅಂದಾರು ಎಂದು ಅಂಜಿದೆ. ಬೇರೆ ಯಾವ ಊರಿನ ಕಂಬವಾಗಿದ್ದರೂ ಬಾಯಿ ಬಿಡುತ್ತಿದ್ದೆನೋ ಏನೋ. ನನ್ನವರು ಎಂಬ ಕಾರಣಕ್ಕೇ ಕೈಬಿಟ್ಟೆ. ಇಂಥ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ.

ದೊಡ್ಡಮ್ಮನ ಕಡೆ ನೋಡಿದೆ. ಅವಳು ಗೋಡೆಯನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಬಾರದಿದ್ದರೂ ಅಂಕಿ ಯಾರ ಅಂಕಿಯಾದರೂ ಅವಳಿಗೆ ಓದಲು ಬರುತ್ತಿತ್ತು. ಸೊನ್ನೆಯಂತೂ ಎಲ್ಲರದೂ ಒಂದೇ ಥರ. ರಿಜಿಸ್ಟರಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಎದ್ದು ಏನಾದರೂ ಹೇಳುತ್ತಾಳೆ ಎಂದು ನಾನು ಕಾದೆ. ಹೇಳಲಿಲ್ಲ. ಅಷ್ಟು ದೊಡ್ಡ ಗೋಡೆಯ ಮೇಲೆ, ತಾನು ಓದಿಸಿದ ಮಗಳೇ ಬರೆದು ಹಾಕಿದ್ದಾಳೆ. ತನ್ನ ರಿಜಿಸ್ಟರೇ ತಪ್ಪಿರಬೇಕು ಎಂದುಕೊಂಡಳಂತೆ. ಇದನ್ನು ಅವಳೇ ಆಮೇಲೆ ಹೇಳಿದಳು.

ನಿರ್ಣಯ ಐದು ನಿಮಿಷದಲ್ಲಿ ಆಯಿತು. ತಿಂಗಳ ಕೊನೆಗೆ ಆ ಊರಿನ ಗಾಡಿ ನಿಲ್ಲುವುದು, ಸದಸ್ಯರು ಬೇಕಿದ್ದರೆ ಮಾದಿಹಳ್ಳಿಗೆ ಹಾಲು ತರುವುದು. ನ್ಯಾಯವಾಗಿ ಹೇಳಬೇಕೆಂದರೆ, ಆ ಸೊನ್ನೆ ಇಲ್ಲದಿದ್ದರೂ ಗಾಡಿ ನಿಲ್ಲುತ್ತಿತ್ತೋ ಏನೋ. ದಾರಿ ಕೆಟ್ಟದ್ದು, ಊರು ಸಣ್ಣದು. ಆದರೆ ಆ ದಿನ ಯಾರೂ ದಾರಿಯ ಮಾತೆತ್ತಲಿಲ್ಲ, ಎಷ್ಟು ಮನೆ, ಎಷ್ಟು ಹಸು ಎಂದು ಕೇಳಲಿಲ್ಲ. ಸೊನ್ನೆಯ ಹತ್ತಿರ ಕೇಳುವುದಕ್ಕೇನಿದೆ?

ಸಭೆ ಮುಗಿದ ಮೇಲೆ ಬಸ್‌ಸ್ಟ್ಯಾಂಡಿಗೆ ಇಬ್ಬರೂ ನಡೆದೆವು. ಪ್ರವಾಸಿಗಳ ಬಸ್ಸೊಂದು ದೇವಸ್ಥಾನದ ಕಡೆ ತಿರುಗುತ್ತಿತ್ತು. ಎಳನೀರಿನವನ ಹತ್ತಿರ ಎರಡು ಕೊಡಿಸಿದೆ. ದೊಡ್ಡಮ್ಮ ಅರ್ಧ ಕುಡಿದು ಕೈಯಲ್ಲಿ ಹಿಡಿದುಕೊಂಡೇ ನಿಂತಳು.

“ಅಲ್ಲ ಮಗ, ಸೊನ್ನೆ ಅಂತ ಯಾಕ್ ಬಂತು? ನಾವು ದಿನಾ ಹಾಕಿದ್ವಲ್ಲ ಹಾಲು.”

ನಾನು ಹೇಳಲು ಶುರು ಮಾಡಿದೆ. ಲಕ್ಷದಲ್ಲಿ ತೋರಿಸಿದರೆ ಅರ್ಧಕ್ಕಿಂತ ಕಡಿಮೆ ಇರುವುದು ಸೊನ್ನೆಗೆ ಹೋಗುತ್ತದೆ, ಅರ್ಧ ದಾಟಿದ್ದು ಒಂದಕ್ಕೆ ಹೋಗುತ್ತದೆ, ನಿಜವಾದ ಅಂಕಿ ಒಳಗೆ ಹಾಗೇ ಇರುತ್ತದೆ. ಅವಳು ತಲೆ ಅಲ್ಲಾಡಿಸುತ್ತ ಕೇಳಿದಳು. ಪೂರ್ತಿ ಅರ್ಥ ಮಾಡಿಕೊಂಡಳು, ದಡ್ಡಿಯಲ್ಲ.

“ಅಂಗಾದ್ರೆ ನಮ್ದು ಒಳಗಡೆ ಐತೆ. ಹೊರಗಡೆ ಕಾಣಕಿಲ್ಲ.”

“ಹೂಂ.”

“ನಿಂಗೆ ಗೊತ್ತಿತ್ತಾ ಅಲ್ಲಿ ಕೂತಿದ್ದಾಗ?”

ಸುಳ್ಳು ಹೇಳಬಹುದಿತ್ತು. “ಗೊತ್ತಾಯ್ತು ದೊಡ್ಡಮ್ಮ” ಎಂದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. “ನಾನು ನನ್ನ ಬುಕ್ಕೇ ತಪ್ಪಾಗೈತೇನೋ ಅಂದ್ಕಂಡೆ ಕಣವ್ವ. ಅದಕ್ಕೇ ಏಳ್ನಿಲ್ಲ” ಎಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ರಿಜಿಸ್ಟರನ್ನು ಬಗಲಿಗೆ ಸೇರಿಸಿಕೊಂಡು, ಎಳನೀರಿನ ಬುರುಡೆಯನ್ನು ನನ್ನ ಕೈಗೆ ಕೊಟ್ಟು ಹತ್ತಿದಳು. ಕಿಟಕಿಯಿಂದ “ಬತ್ತೀನಿ” ಎಂದಳು. ನಾನು ಅರಸೀಕೆರೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಪಕ್ಕದ ಸೀಟಿನವರು ಯಾರೋ ಸತ್ತಿರಬೇಕು ಎಂದುಕೊಂಡು ನೀರಿನ ಬಾಟಲಿ ಕೊಟ್ಟರು.

ಮಾರನೆಯ ದಿನ ಕಚೇರಿಗೆ ಹೋದವಳೇ ಮೊದಲು ಆ ಚಾರ್ಟ್ ತೆಗೆದು ಸಾವಿರಕ್ಕೆ ಬದಲಾಯಿಸಿದೆ. ಅಕ್ಷದ ಮೇಲೆ 600ರವರೆಗೆ ಮೂರೇ ಅಂಕಿ, ಉದ್ದವೂ ಇಲ್ಲ, ಯಾರದೂ ಮುಳುಗಲೂ ಇಲ್ಲ. ‘ಲಕ್ಷ ಲೀಟರ್’ ಎಂದಿದ್ದನ್ನು ‘ಸಾವಿರ ಲೀಟರ್’ ಎಂದು ಮಾಡಿದೆ. ಲಕ್ಷದಲ್ಲೇ ಇಟ್ಟು ಒಂದು ದಶಾಂಶ ಸ್ಥಾನ ಕೊಟ್ಟಿದ್ದರೂ 0.5 ಎಂದಾದರೂ ಕಾಣುತ್ತಿತ್ತು ಎಂಬುದೂ ಆಗಲೇ ಹೊಳೆಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪ್ರಿಂಟ್ ತೆಗೆದುಕೊಂಡು ಹೋಗಿ ಮ್ಯಾನೇಜರ್ ಮುಂದಿಟ್ಟು, ತಪ್ಪು ನನ್ನದು ಎಂದು ಎಲ್ಲ ಹೇಳಿದೆ. ಅವರು ಕೊನೆಯ ಕಂಬದ ಮೇಲಿನ 47ನ್ನು ಬೆರಳಿನಿಂದ ತಟ್ಟಿದರು.

“ಅಲ್ಲೇ ಹೇಳ್ಬೇಕಿತ್ತಲ್ಲಮ್ಮ” ಎಂದರು. “ಈಗ ನಿರ್ಣಯ ಬರೆದು ಎಲ್ಲರೂ ಸಹಿ ಹಾಕಿ ಆಗಿದೆ. ಮುಂದಿನ ವರ್ಷ ನೋಡೋಣ.”

ಆ ಮನುಷ್ಯ ಬೈಯಲೂ ಇಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಮುಂದಿನ ತಿಂಗಳು ಗುತ್ತಿಗೆ ನವೀಕರಣವೂ ಆಯಿತು. ನಾನು ಯಾವುದಕ್ಕೆ ಹೆದರಿದ್ದೆನೋ ಅದು ಇರಲೇ ಇಲ್ಲ.

ಭಾನುವಾರ ಆ ಪ್ರಿಂಟನ್ನು ದೊಡ್ಡಮ್ಮನಿಗೆ ತೋರಿಸಲು ಹೋದೆ. ಅವಳು ಸಂಘದ ಕೋಣೆಯಲ್ಲಿ ಕ್ಯಾನು ತೊಳೆಯುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಎಡಗಡೆಯ ಅಕ್ಷದ ಮೇಲೆ ಕೆಳಗಿನಿಂದ ಬೆರಳು ಓಡಿಸಿ, ಅಲ್ಲಿಂದ ಅಡ್ಡಕ್ಕೆ ಬಂದು, ಕೊನೆಯ ಕಂಬದ ಮೇಲೆ ನಿಲ್ಲಿಸಿದಳು. ಚಾರ್ಟ್ ಓದುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

“ನಲವತ್ತೇಳು” ಎಂದಳು. “ಮುನ್ನೂರು ಬಿಟ್ಟೋಗೈತೆ.”

“ಹೂಂ, ಮುನ್ನೂರು ಕಾಣಲ್ಲ.”

“ಹೋಗ್ಲಿ ಬಿಡು. ನಲವತ್ತೇಳು ಐತಲ್ಲ.” ಕಾಗದವನ್ನು ನಾಲ್ಕು ಮಡಿಕೆ ಮಾಡಿ ರಿಜಿಸ್ಟರಿನೊಳಗೆ ಇಟ್ಟಳು. ಆಮೇಲೆ, “ಇನ್ನು ಯಾರಿಗೆ ತೋರ್ಸನ ಇದ್ನ” ಎಂದು ಕ್ಯಾನಿನ ಕಡೆ ತಿರುಗಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಜಗಲಿಯ ಮೇಲೆ ಕೂತೆ.

ತಿಂಗಳ ಕೊನೆಗೆ ವ್ಯಾನು ನಿಂತಿತು. ಮೊದಲ ವಾರ ನಾಲ್ಕೈದು ಹೆಂಗಸರು ಮಾದಿಹಳ್ಳಿಗೆ ಹೊತ್ತರು. ಆಮೇಲೆ ಇಬ್ಬರು. ಆಮೇಲೆ ಯಾರೂ ಇಲ್ಲ. ಕೆಲವರು ಹಸು ಮಾರಿದರು, ಕೆಲವರು ಮನೆಗಾಗುವಷ್ಟು ಕರೆದುಕೊಂಡು ಉಳಿದದ್ದನ್ನು ಕರುವಿಗೆ ಬಿಟ್ಟರು. ಮುಂದಿನ ವರ್ಷದ ಸಭೆಯ ಹೊತ್ತಿಗೆ ನನ್ನ ಪಟ್ಟಿಯಲ್ಲಿ ಹದಿಮೂರೇ ಊರು ಉಳಿದಿದ್ದವು. ಸಾವಿರದ ಅಕ್ಷದ ಮೇಲೆ ಹದಿಮೂರೂ ಚೆನ್ನಾಗಿ ಕಂಡವು. ಚಾರ್ಟ್ ಈ ಸಲ ಎಷ್ಟು ಲಕ್ಷಣವಾಗಿದೆ ಎಂದು ಅಧ್ಯಕ್ಷರು ಮೆಚ್ಚಿದರು.

ದೊಡ್ಡಮ್ಮ ಅದರ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡಳು. ಎದೆನೋವು ಅಂತ ಬೇಲೂರಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರಂತೆ, ದಾರಿಯಲ್ಲೇ ಮುಗಿಯಿತು. ಸಂಘ ಹೋದ ಕೊರಗಿನಿಂದ ಸತ್ತಳು ಎಂದು ನಾನು ಹೇಳುವುದಿಲ್ಲ, ಅವಳಿಗೆ ವಯಸ್ಸಾಗಿತ್ತು. ಆದರೆ ಸಂಘ ನಿಂತ ಮೇಲೂ ಅವಳು ಬೆಳಿಗ್ಗೆ ಐದಕ್ಕೆ ಎದ್ದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು ಎಂದು ಪಕ್ಕದ ಮನೆಯಾಕೆ ಹೇಳಿದಾಗ ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಇವತ್ತಿಗೂ ನನ್ನ ಕೆಲಸ ಅದೇ. ಎಷ್ಟು ಚಾರ್ಟ್ ಮಾಡಿದ್ದೇನೋ ಲೆಕ್ಕವಿಲ್ಲ. ಅಕ್ಷಕ್ಕೆ ಯಾವ ಅಳತೆ ಹಾಕಿದರೂ ಮೊದಲು ಎಲ್ಲಕ್ಕಿಂತ ಗಿಡ್ಡ ಕಂಬ ಯಾವುದು ಎಂದು ಹುಡುಕಿ, ಅದರ ತಲೆಯ ಮೇಲೆ ಏನು ಬಂದಿದೆ ಎಂದು ನೋಡುತ್ತೇನೆ. ಆಮೇಲೆ ಮಿಕ್ಕವರು. ಒಳ್ಳೆಯ ಅಭ್ಯಾಸ ಅಂತಾರೆ ಕಚೇರಿಯಲ್ಲಿ. ಅದು ಎಲ್ಲಿಂದ ಬಂತು ಎಂದು ನಾನು ಯಾರಿಗೂ ಹೇಳಿಲ್ಲ.

ದೊಡ್ಡಮ್ಮನ ಹದಿಮೂರನೇ ದಿನದ ಕಾರ್ಯ ಮುಗಿಸಿ ಬರುವಾಗ ಪಕ್ಕದ ಮನೆಯಾಕೆ ಸಂಘದ ಕೋಣೆಯಿಂದ ಕೊನೆಯ ರಿಜಿಸ್ಟರ್ ತಂದು ನನ್ನ ಕೈಗಿಟ್ಟಳು. ಮನೆಗೆ ಬಂದು ತೆರೆದೆ. ನಾಲ್ಕು ಮಡಿಕೆಯ ಪ್ರಿಂಟ್ ಅದರೊಳಗೇ ಇತ್ತು, ಮಡಿಕೆಯಲ್ಲಿ ಕಾಗದ ಸವೆದು ಹರಿಯುವ ಹಾಗಾಗಿತ್ತು. ಎಷ್ಟು ಸಲ ಬಿಚ್ಚಿ ನೋಡಿದ್ದಳೋ. ವ್ಯಾನು ನಿಂತ ಮಾರನೆಯ ದಿನದ ಪುಟವನ್ನೂ ಅವಳು ಬರೆದಿದ್ದಳು. ತಾರೀಕು, ಮೂವತ್ತೆಂಟು ಹೆಸರು, ಪ್ರತಿ ಹೆಸರಿನ ಮುಂದೆ ‘ನಾಳೆ’. ಅದರ ಮುಂದಿನ ದಿನವೂ ಹಾಗೆಯೇ. ಹನ್ನೊಂದು ದಿನ, ಹನ್ನೊಂದು ಪುಟ, ಒಂದು ಹೆಸರೂ ಬಿಟ್ಟಿಲ್ಲ. ಕೆಳಗೆ ಆ ದಿನದ ಒಟ್ಟು ಬರೆಯುವ ಮನೆಯನ್ನು ಮಾತ್ರ ಹನ್ನೊಂದೂ ದಿನ ಖಾಲಿ ಬಿಟ್ಟಿದ್ದಳು.

ಹನ್ನೆರಡನೆಯ ಪುಟದಲ್ಲಿ ಹೆಸರುಗಳಿರಲಿಲ್ಲ. ತಾರೀಕು ಬರೆದು, ಕೆಳಗೆ ಒಟ್ಟು ಎನ್ನುವ ಕಡೆ ಒಂದು ಸೊನ್ನೆ ಹಾಕಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಬರೆದ ಒಂಟಿ ಸೊನ್ನೆ ಅದೊಂದೇ, ಮತ್ತು ಅದನ್ನು ಬರೆಯಲು ಅವಳಿಗೆ ಕಲಿಸಿದವಳು ನಾನು.